ಬಾಕಿ ಕೇಳುವ ಎರಡು ದನಿ: ಹಾಸನದ ಒಂದು ಮುದ್ರಣಾಲಯದಿಂದ

ಹಾಸನದ ಸಾಲಗಾಮೆ ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ನನ್ನದೊಂದು ಚಿಕ್ಕ ಮುದ್ರಣಾಲಯವಿದೆ. ಒಂದು ಆಫ್‌ಸೆಟ್ ಯಂತ್ರ, ಒಂದು ಕಟಿಂಗ್ ಯಂತ್ರ, ಮೂವರು ಕೆಲಸಗಾರರು. ನನ್ನ ಗಿರಾಕಿಗಳು ಎರಡು ಬಗೆಯವರು. ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳಿಗೆ ಪೆಟ್ಟಿಗೆಗೆ ಅಂಟಿಸುವ ಲೇಬಲ್‌ಗಳನ್ನು ಮುದ್ರಿಸಿಕೊಡುತ್ತೇನೆ. ಊರೊಳಗಿನ ಬೇಕರಿ, ದಿನಸಿ ಅಂಗಡಿಗಳಿಗೆ ಕೇಕ್ ಡಬ್ಬಿ, ಬಿಲ್ ಬುಕ್ಕು, ಸಾರಿನ ಪುಡಿಯ ಪೊಟ್ಟಣಕ್ಕೆ ಹಚ್ಚುವ ಚೀಟಿಗಳನ್ನು ಮಾಡಿಕೊಡುತ್ತೇನೆ. ಇಬ್ಬರ ಹತ್ತಿರವೂ ಹಣ ಬಾಕಿ ಉಳಿಯುತ್ತದೆ, ಇಬ್ಬರನ್ನೂ ಕೇಳಬೇಕಾಗುತ್ತದೆ. ಬಹಳ ವರ್ಷ ನಾನು ಕಂಪನಿಯವರನ್ನು ಅಂಗಲಾಚಿ ಕೇಳುತ್ತಿದ್ದೆ, ಅಂಗಡಿಯವರಿಗೆ ನೋಟಿಸಿನಂಥ ಸಂದೇಶ ಕಳಿಸುತ್ತಿದ್ದೆ. ಎರಡೂ ತಿರುವುಮುರುವಾಗಿದ್ದವು ಎಂಬುದು ಒಂದೇ ಮಳೆಗಾಲದಲ್ಲಿ ನನಗೆ ತಿಳಿಯಿತು.

ಮೊದಲು ಕಂಪನಿಯ ವಿಷಯ. ಜೂನ್ 3ರಂದು 40 ಕಟ್ಟು ಲೇಬಲ್‌ಗಳನ್ನು ಒಂದು ಕಂಪನಿಯ ಉಗ್ರಾಣಕ್ಕೆ ತಲುಪಿಸಿ, ತೆರಿಗೆ ಸೇರಿ ₹1,84,000ಕ್ಕೆ ಬಿಲ್ ಕೊಟ್ಟೆ. ಅವರ ಪರ್ಚೇಸ್ ಆರ್ಡರಿನಲ್ಲಿ ಸರಕು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಪಾವತಿ ಎಂದು ಬರೆದಿತ್ತು. ಆ ಲೆಕ್ಕಕ್ಕೆ ಜುಲೈ 18 ಕೊನೆಯ ದಿನ. ಹಣ ಬರಲಿಲ್ಲ. ಜುಲೈ 22ರಂದು ನಾನು ಅವರ ಲೆಕ್ಕಪತ್ರ ವಿಭಾಗಕ್ಕೆ ಒಂದು ಉದ್ದನೆಯ ಇಮೇಲ್ ಬರೆದೆ. ಕಾಗದದ ಬೆಲೆ ಏರಿದೆ, ಕೆಲಸಗಾರರಿಗೆ ಸಂಬಳ ಕೊಡಬೇಕಾಗಿದೆ, ನಮ್ಮಂಥ ಚಿಕ್ಕವರ ಕಷ್ಟವನ್ನು ದೊಡ್ಡ ಮನಸ್ಸಿನಿಂದ ನೋಡಬೇಕು ಎಂದೆಲ್ಲ ಅದರಲ್ಲಿತ್ತು. ಬರೆದದ್ದೆಲ್ಲ ನಿಜವೇ ಆಗಿತ್ತು. ಉತ್ತರ ಬರಲಿಲ್ಲ. ಆಗಸ್ಟ್ 5ರಂದು ಅದನ್ನೇ ಸ್ವಲ್ಪ ಖಾರವಾಗಿ ಬರೆದೆ. ಅದಕ್ಕೂ ಉತ್ತರವಿಲ್ಲ.

ಅಂಥದ್ದೇ ವಿಭಾಗದಲ್ಲಿ ಮುಂಚೆ ಕೆಲಸ ಮಾಡಿದ್ದ ಪರಿಚಿತರೊಬ್ಬರಿಗೆ ಆ ಪತ್ರಗಳನ್ನು ತೋರಿಸಿದೆ. ಅವರು ಓದಿ, "ಇದನ್ನ ಓದೋರು ನಿಮಗೆ ಸಾಲ ಇಟ್ಕೊಂಡೋರಲ್ಲ ಸಾರ್. ಅವರೂ ಸಂಬಳಕ್ಕಿರೋರು. ಅವರಿಗೆ ನಿಮ್ಮ ಕಷ್ಟ ಗೊತ್ತಾಗಿ ಏನ್ ಮಾಡ್ಬೇಕು? ಏನ್ ಕಾಗದ ಕೊಟ್ರೆ ಬಿಲ್ ಮುಂದೆ ಹೋಗತ್ತೆ ಅಂತ ಕೇಳಿ" ಎಂದರು. ನಾನು ಅದುವರೆಗೆ ಆ ಕುರ್ಚಿಯಲ್ಲಿ ಕುಳಿತವರನ್ನೇ ಹಣ ತಡೆದವರೆಂದು ತಿಳಿದು ಒಮ್ಮೆ ಬೇಡಿಕೊಂಡಿದ್ದೆ, ಇನ್ನೊಮ್ಮೆ ರೇಗಿದ್ದೆ.

ಅವರ ಕೆಲಸ ನಡೆಯುವ ಬಗೆ ಹೀಗಿದೆ. ಪರ್ಚೇಸ್ ಆರ್ಡರ್, ಉಗ್ರಾಣದವರು ಸರಕು ಎಣಿಸಿ ದಾಖಲಿಸುವ ಸ್ವೀಕೃತಿ, ನಮ್ಮ ಬಿಲ್, ಈ ಮೂರರಲ್ಲಿಯೂ ಪ್ರಮಾಣ ಮತ್ತು ದರ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾದ ಬಿಲ್ ಮಾತ್ರ ಪಾವತಿಯ ಸರದಿಗೆ ಸೇರುತ್ತದೆ, ಆ ಸರದಿಯೂ ತಿಂಗಳಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ನಡೆಯುತ್ತದೆ. ತಾಳೆಯಾಗದ ಬಿಲ್ ಸುಮ್ಮನೆ ನಿಂತಿರುತ್ತದೆ, ಅದು ನಿಂತಿದೆ ಎಂದು ನಮಗೆ ತಿಳಿಸುವ ಹೊಣೆ ಅನೇಕ ಕಡೆ ಯಾರ ಮೇಲೂ ಇರುವುದಿಲ್ಲ. ನನ್ನ ಎರಡು ಪತ್ರಗಳಲ್ಲಿ ಬಿಲ್ ಸಂಖ್ಯೆಯೇ ಇರಲಿಲ್ಲ. ನೂರಾರು ಬಿಲ್‌ಗಳ ನಡುವೆ ನನ್ನದನ್ನು ಹುಡುಕುವ ಕೆಲಸವನ್ನೂ ನಾನು ಅವರ ತಲೆಗೇ ಕಟ್ಟಿದ್ದೆ.

ಆಗಸ್ಟ್ 11ರಂದು ಬರೆದ ಮೂರನೆಯ ಪತ್ರವನ್ನು, ಕಚೇರಿಯ ರೂಢಿಯಂತೆ ಇಂಗ್ಲಿಷಿನಲ್ಲಿದ್ದದ್ದನ್ನು, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

"ಮಾನ್ಯರೇ, ನಮ್ಮ ಬಿಲ್ ಸಂಖ್ಯೆ 118, ದಿನಾಂಕ ಜೂನ್ 3, ಮೊತ್ತ ₹1,84,000. ಇದು ಕೆಳಗೆ ನಮೂದಿಸಿದ ನಿಮ್ಮ ಪರ್ಚೇಸ್ ಆರ್ಡರಿಗೆ ಸಂಬಂಧಿಸಿದ್ದು. ಸರಕು ಜೂನ್ 3ರಂದೇ ತಲುಪಿದ್ದು, ಉಗ್ರಾಣದ ಮೊಹರಿರುವ ಡೆಲಿವರಿ ಚಲನ್ ಲಗತ್ತಿಸಿದೆ. ಪಾವತಿಯ ಕೊನೆಯ ದಿನ ಜುಲೈ 18 ಆಗಿತ್ತು. ಬಿಲ್ ಈಗ ಯಾವ ಹಂತದಲ್ಲಿದೆ, ತಡೆಯಿದ್ದರೆ ನಮ್ಮಿಂದ ಯಾವ ದಾಖಲೆ ಬೇಕು, ಯಾವ ದಿನಾಂಕದ ಪಾವತಿಗೆ ಇದು ಸೇರುತ್ತದೆ ಎಂಬುದನ್ನು ತಿಳಿಸಬೇಕಾಗಿ ವಿನಂತಿ."

ಎರಡೇ ದಿನದಲ್ಲಿ ಉತ್ತರ ಬಂದಿತು. ಉಗ್ರಾಣದ ಸ್ವೀಕೃತಿಯಲ್ಲಿ 39 ಕಟ್ಟು ಮಾತ್ರ ದಾಖಲಾಗಿತ್ತು. ಒಂದು ಕಟ್ಟಿನಲ್ಲಿ ಬಣ್ಣ ಮಸುಕಾಗಿದೆ ಎಂದು ಅವರು ಪಕ್ಕಕ್ಕೆ ಇಟ್ಟಿದ್ದರು, ಅದನ್ನು ನನಗಾಗಲಿ ಲೆಕ್ಕಪತ್ರದವರಿಗಾಗಲಿ ಯಾರೂ ಹೇಳಿರಲಿಲ್ಲ. ಸರಕು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನವಾಗುತ್ತದೆ ಎಂದು ಚಿಕ್ಕ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ, ಆದ್ದರಿಂದ ನಾನು ವಾದಿಸಬಹುದಿತ್ತು. ಆದರೆ ಒಂದು ಕಟ್ಟಿನ ಬೆಲೆ ₹4,600. ಅದೇ ಮಧ್ಯಾಹ್ನ ಬಿಲ್ಲಿನಿಂದ ಅಷ್ಟನ್ನು ಕಳೆಯುವ ಕ್ರೆಡಿಟ್ ನೋಟ್ ಕಳಿಸಿದೆ. ಆಗಸ್ಟ್ 25ರ ಸರದಿಯಲ್ಲಿ ₹1,79,400 ನನ್ನ ಖಾತೆಗೆ ಬಂದಿತು.

ಅಲ್ಲಿಂದೀಚೆಗೆ ಕಂಪನಿಗೆ ಬರೆಯುವಾಗ ನನ್ನ ದನಿ ಮೊದಲ ಪತ್ರದಿಂದ ಕೊನೆಯದರವರೆಗೆ ಒಂದೇ ಎತ್ತರದಲ್ಲಿರುತ್ತದೆ. ಬಿಗಿ ಬೇಕಾದಾಗ ಅದನ್ನು ದಿನಾಂಕಗಳಿಂದ ತರುತ್ತೇನೆ. ಎರಡನೆಯ ನೆನಪಿನ ಪತ್ರದಲ್ಲಿ "ಇಷ್ಟನೆಯ ತಾರೀಕಿನ ಪತ್ರಕ್ಕೆ ಉತ್ತರ ಬಂದಿಲ್ಲ" ಎಂಬ ಒಂದೇ ವಾಕ್ಯ ಹೆಚ್ಚುತ್ತದೆ. ಮೂರನೆಯದಕ್ಕೆ ಖರೀದಿ ವಿಭಾಗದ ಅಧಿಕಾರಿಯನ್ನೂ ಸೇರಿಸುತ್ತೇನೆ. ಆದರೆ ಸೇರಿಸುವ ಮೊದಲು ಲೆಕ್ಕಪತ್ರದವರಿಗೆ ಫೋನ್ ಮಾಡಿ, "ಮೇಡಂ, ನಿಮ್ಮ ಮೇಲೆ ದೂರಲ್ಲ, ಉಗ್ರಾಣದಿಂದ ಕಾಗದ ಬೇಗ ಬರಲಿ ಅಂತ ಪರ್ಚೇಸ್‌ನೋರನ್ನೂ ಹಾಕ್ತಿದ್ದೀನಿ" ಎಂದು ಹೇಳುತ್ತೇನೆ. ಹೇಳದೆ ಸೇರಿಸಿದ ಒಂದು ಸಲ ಅವರು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಕಾನೂನಿನ ಮಾತನ್ನು ನಾಲ್ಕನೆಯ ಪತ್ರದವರೆಗೆ ಎತ್ತುವುದಿಲ್ಲ, ಎತ್ತಿದಾಗಲೂ ಬೆದರಿಕೆಯ ರೂಪದಲ್ಲಿ ಎತ್ತುವುದಿಲ್ಲ. ಅದೇ ಕಾಯ್ದೆಯಂತೆ, ಚಿಕ್ಕ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯಿರುವ ನನ್ನಂಥ ಚಿಕ್ಕ ತಯಾರಕನಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಹಾಗೆ ಕೊಡದಿದ್ದರೆ ಕಂಪನಿ ಆ ಖರ್ಚನ್ನು ಹಣ ನಿಜವಾಗಿ ಕೊಟ್ಟ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಮಾತ್ರ ತೋರಿಸಲು ಸಾಧ್ಯ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಈ ನಿಯಮದ ನಿಜವಾದ ಒತ್ತಡ ಕಾಣುವುದು ಮಾರ್ಚ್ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಅದನ್ನು ಹೇಳಿದರೆ, ಮಾರ್ಚ್ 31ರೊಳಗೆ ಕೊಟ್ಟರೆ ಕಂಪನಿಗೆ ತೆರಿಗೆಯಲ್ಲಿ ನಷ್ಟವಿಲ್ಲವೆಂದು ಅವರಿಗೆ ಗೊತ್ತಿರುತ್ತದೆ. ಆದ್ದರಿಂದ ಫೆಬ್ರವರಿ ಕೊನೆಗೆ, "ವರ್ಷಾಂತ್ಯದ ನಿಮ್ಮ ಅನುಕೂಲಕ್ಕಾಗಿ ನಮ್ಮ ಬಾಕಿಯ ಪಟ್ಟಿ ಮತ್ತು ಉದ್ಯಮ್ ಸಂಖ್ಯೆಯನ್ನು ಕಳಿಸಿದ್ದೇವೆ" ಎಂದು ಬರೆಯುತ್ತೇನೆ. ತಿಳಿಯಬೇಕಾದವರಿಗೆ ಅಷ್ಟು ಸಾಕಾಗುತ್ತದೆ.

ಇನ್ನು ಅಂಗಡಿಯ ವಿಷಯ, ಇದರಲ್ಲಿ ನನಗಾದ ನಷ್ಟ ದೊಡ್ಡದು. ಕಟ್ಟಿನಕೆರೆ ಮಾರುಕಟ್ಟೆಯ ಕಡೆಯ ಬೇಕರಿಯವರೊಬ್ಬರು ₹9,200ರ ಕೇಕ್ ಡಬ್ಬಿ ತೆಗೆದುಕೊಂಡು, ₹3,000 ಕೊಟ್ಟು, ಉಳಿದದ್ದನ್ನು ಎರಡು ತಿಂಗಳಾದರೂ ಕೊಟ್ಟಿರಲಿಲ್ಲ. ಕಂಪನಿಯ ಹಣ ಬಾರದ ಅದೇ ಜುಲೈಯಲ್ಲಿ ನಾನು ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಿಲ್ ಸಂಖ್ಯೆ, ಮೊತ್ತ, "ಗಡುವು ಮೀರಿ 40 ದಿನವಾಗಿದೆ, ಮೂರು ದಿನದೊಳಗೆ ಪಾವತಿಸತಕ್ಕದ್ದು" ಎಂದು ಕಳಿಸಿದೆ. ಕಂಪನಿಗೆ ಬರೆಯಬೇಕಾಗಿದ್ದ ಪತ್ರ ಅಂಗಡಿಗೆ ಹೋಗಿತ್ತು. ಆ ಫೋನನ್ನು ಮನೆಯಲ್ಲಿ ಮಗ, ಸೊಸೆ ಎಲ್ಲರೂ ನೋಡುತ್ತಾರೆ. ಮಾರನೆಯ ದಿನ ಅಂಗಡಿಯ ಹುಡುಗ ಒಂದು ಲಕೋಟೆಯಲ್ಲಿ ಸರಿಯಾಗಿ ₹6,200 ತಂದುಕೊಟ್ಟು ಹೋದ. ಮಾತಿಲ್ಲ, ಫೋನಿಲ್ಲ. ಆ ವರ್ಷದ ಗೌರಿ ಹಬ್ಬದ ಡಬ್ಬಿಗಳು ಬೇರೆ ಮುದ್ರಣಾಲಯದಲ್ಲಿ ಅಚ್ಚಾದವು.

ಕಂಪನಿಯಲ್ಲಿ ಪತ್ರ ಓದುವವರು ಬೇರೆ, ಸಾಲ ಹೊತ್ತವರು ಬೇರೆ. ಅಂಗಡಿಯಲ್ಲಿ ಇಬ್ಬರೂ ಒಬ್ಬರೇ. ಅಲ್ಲಿ ಬರೆದ ದಿನಾಂಕ, ಲೆಕ್ಕ ಎಲ್ಲವೂ ನೇರವಾಗಿ ಮನುಷ್ಯನ ಮರ್ಯಾದೆಗೆ ತಾಗುತ್ತವೆ. ಅಂಗಡಿಯ ಬಾಕಿಯನ್ನು ನಾನು ಈಗ ಮೊದಲ ಸಲ ಎಂದೂ ಬರಹದಲ್ಲಿ ಕೇಳುವುದಿಲ್ಲ, ಹೋಗಿ ಕೇಳುತ್ತೇನೆ. ಹೋಗುವ ಹೊತ್ತನ್ನೂ ನೋಡಬೇಕು. ಬೆಳಿಗ್ಗೆ ಬೋಣಿಯಾಗುವ ಮೊದಲು ಹೋಗಬಾರದು. ದೀಪ ಹಚ್ಚುವ ಹೊತ್ತಿನಲ್ಲಿ, ಶುಕ್ರವಾರದಲ್ಲಿ ಕೈಯಿಂದ ಲಕ್ಷ್ಮಿಯನ್ನು ಕಳಿಸಲು ಅನೇಕರು ಒಪ್ಪುವುದಿಲ್ಲ. ಮಧ್ಯಾಹ್ನ ಊಟ ಮುಗಿದು ಗಿರಾಕಿಗಳು ಕಡಿಮೆಯಾದ ಹೊತ್ತು ಒಳ್ಳೆಯದು. ಗಿರಾಕಿ ನಿಂತಿದ್ದರೆ ನಾನು ಒಂದು ಬಿಸ್ಕತ್ ಪೊಟ್ಟಣ ಕೊಂಡು ಅವರು ಹೋಗುವವರೆಗೆ ಕಾಯುತ್ತೇನೆ.

ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುವ ದಿನಸಿ ಅಂಗಡಿಯ ಅಕ್ಕ ಒಬ್ಬರು ಚೀಟಿಗಳ ಬಾಬ್ತು ₹4,400 ಕೊಡಬೇಕಾಗಿತ್ತು. ನಡೆದ ಮಾತು ಹೀಗಿತ್ತು.

"ಅಕ್ಕ, ವ್ಯಾಪಾರ ಹೆಂಗಿದೆ?"

"ಏನ್ ವ್ಯಾಪಾರನಪ್ಪ, ಮಳೆ ಹಿಡ್ಕೊಂಡ್ ಬಿಟ್ಟಿದೆ. ನಿಂದೂ ಕೊಡ್ಬೇಕಿತ್ತು."

"ಶನಿವಾರ ಕಾಗದದ ಲೋಡ್ ಬರ್ತದೆ ಅಕ್ಕ, ಇಳಿಸ್ಕೊಳ್ಳೋಕೆ ದುಡ್ಡು ಸಾಲದು. ಒಂದೆರಡು ಸಾವಿರ ಹೊಂದಿಸ್ಕೊಡ್ತೀರಾ?"

"ಎರಡು ಆಗಲ್ಲ, ಒಂದೂವರೆ ಕೊಡ್ತೀನಿ. ಶನಿವಾರ ಮಧ್ಯಾಹ್ನ ಬಾ."

ಬಾಕಿಯ ಮಾತನ್ನು ಅವರೇ ತೆಗೆದರು, ನಾನು ತೆಗೆಯಲಿಲ್ಲ. ನನ್ನ ಅಗತ್ಯವನ್ನು ಹೇಳಿದ್ದರಿಂದ ಅವರು ಸಾಲ ತೀರಿಸುವವರಾಗಿ ಕಾಣದೆ, ಕಷ್ಟಕ್ಕೆ ಒದಗುವವರಾಗಿ ಕೊಡಲು ಸಾಧ್ಯವಾಯಿತು. ಕಂಪನಿಯ ಪತ್ರದಲ್ಲಿ ವ್ಯರ್ಥವಾಗಿದ್ದ ಅದೇ ಮಾತು ಇಲ್ಲಿ ಸಲ್ಲುತ್ತದೆ. ಆದರೆ ಹೇಳುವ ಕಾರಣ ನಿಜವಾಗಿರಲೇಬೇಕು. ಕಾಗದದ ಲಾರಿ ಬಂದಿತೋ ಇಲ್ಲವೋ ಎಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಪೂರ್ತಿ ಮೊತ್ತ ಕೇಳದೆ, ಗಲ್ಲಾಪೆಟ್ಟಿಗೆಯಿಂದ ಹೊರಡಬಹುದಾದ ಮೊತ್ತವನ್ನು, ಒಂದು ನಿರ್ದಿಷ್ಟ ದಿನಕ್ಕೆ ಕೇಳಿದ್ದರಿಂದ ಅವರಿಗೆ ಚೌಕಾಸಿಗೂ ಜಾಗವಿತ್ತು.

ಶನಿವಾರ ಹಣ ಪಡೆದು, ಅಕ್ಕನ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿ, ಮನೆಗೆ ಬಂದ ಮೇಲೆ ವಾಟ್ಸ್‌ಆ್ಯಪ್ ಕಳಿಸಿದೆ: "ಅಕ್ಕ, ₹1,500 ತಲುಪಿತು, ತುಂಬಾ ಸಹಾಯವಾಯಿತು. ಇನ್ನು ₹2,900 ಇದೆ, ನಿಮ್ಮ ಅನುಕೂಲ ನೋಡಿ." ಲೆಕ್ಕ ಬರಹದಲ್ಲಿ ಬರುವುದು ಇಲ್ಲಿ ಮಾತ್ರ, ಕೃತಜ್ಞತೆಯ ಜೊತೆಗೆ. ನೆನಪಿನ ಕೆಲಸವನ್ನು ಆ ರಸೀತಿಯೇ ಮಾಡುತ್ತದೆ.

ಮೂರು ಸಲ ಹೇಳಿದ ದಿನ ತಪ್ಪಿದರೆ ನಾನು ಅಂಗಡಿಯ ಕಪಾಟುಗಳನ್ನು ನೋಡುತ್ತೇನೆ. ಸಾಮಾನು ಕರಗುತ್ತಾ ಬಂದಿದ್ದರೆ ಕಷ್ಟ ನಿಜ, ಆಗ ಇನ್ನೂ ಚಿಕ್ಕ ಕಂತು ಕೇಳುತ್ತೇನೆ. ಕಪಾಟು ತುಂಬಿದ್ದು, ನನ್ನನ್ನು ಕಂಡೊಡನೆ ಯಜಮಾನರು ಒಳಗೆ ಹೋಗುತ್ತಿದ್ದರೆ, ಹೊಸ ಆರ್ಡರ್ ಬಂದಾಗ, "ಈ ಸಲದ್ದು ಕೈಯಲ್ಲೇ ಕೊಟ್ಟು ತಗೊಳ್ಳಿ ಅಣ್ಣ, ಹಳೇದು ನಿಧಾನಕ್ಕೆ ನೋಡೋಣ" ಎನ್ನುತ್ತೇನೆ. ಇದು ಎಲ್ಲರ ಮೇಲೂ ಫಲಿಸುವುದಿಲ್ಲ. ಇಬ್ಬರು ಆರ್ಡರನ್ನೂ ಕೊಡಲಿಲ್ಲ, ಹಳೆಯ ಬಾಕಿಯನ್ನೂ ಕೊಡಲಿಲ್ಲ, ಆ ಮೊತ್ತಗಳನ್ನು ನಾನು ಪುಸ್ತಕದಿಂದ ತೆಗೆದುಹಾಕಿದೆ.

ಬೇಕರಿಯವರ ಹತ್ತಿರ ನಾನೇ ಹೋಗಿ, ಹಾಗೆ ಬರೆಯಬಾರದಿತ್ತು ಅಣ್ಣ, ತಪ್ಪಾಯಿತು ಎಂದೆ. ಅವರು ಆ ವಿಷಯಕ್ಕೆ ಉತ್ತರಿಸದೆ ಚಹಾ ತರಿಸಿದರು. ಮರುವರ್ಷದ ಗೌರಿ ಹಬ್ಬಕ್ಕೆ 500 ಡಬ್ಬಿಗಳ ಆರ್ಡರ್ ಕೊಟ್ಟು, ಕೇಳುವ ಮೊದಲೇ ಅರ್ಧ ಹಣವನ್ನು ಎಣಿಸಿಟ್ಟರು.