ಷಾರ್ಲಟ್ ಬದಲಾದಳೇ? ಪೋಷಕ ಪಾತ್ರದ ಬಗ್ಗೆ ಪುರಾವೆ ಇಟ್ಟು ವಾದಿಸುವ ಬಗೆ

ಸಾಹಿತ್ಯದ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಾಕ್ಯವೊಂದಿದೆ: 'ಈ ಪಾತ್ರ ಕೊನೆಯವರೆಗೂ ಬದಲಾಗುವುದಿಲ್ಲ, ಆದ್ದರಿಂದ ಇದು ಚಪ್ಪಟೆ ಪಾತ್ರ.' ಇಲ್ಲಿನ 'ಆದ್ದರಿಂದ'ಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಗುಣದ ಸುತ್ತ ಕಟ್ಟಿದ ಪಾತ್ರ ಚಪ್ಪಟೆ, ಹಲವು ಮುಖಗಳಿರುವುದು ದುಂಡು. ಪಾತ್ರ ಚಪ್ಪಟೆಯೋ ದುಂಡೋ ಎನ್ನುವುದು ಒಂದು ಪ್ರಶ್ನೆ, ಅದು ಬದಲಾಯಿತೇ ಎನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು. ನಾಯಕಿಯ ವಿಷಯದಲ್ಲಿ ಈ ಗೊಂದಲ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಅವಳ ಬಗ್ಗೆ ಪುಟಗಟ್ಟಲೆ ವಿವರಗಳಿರುತ್ತವೆ. ಕೆಲವೇ ಅಧ್ಯಾಯಗಳಲ್ಲಿ ಬಂದು ಹೋಗುವ ಪೋಷಕ ಪಾತ್ರದ ವಿಷಯದಲ್ಲಿ ಮಾತ್ರ ಇದು ಇಡೀ ವಾದವನ್ನೇ ಕೆಡಿಸುತ್ತದೆ.

ವಿಧಾನವನ್ನು ಒಂದೇ ಪಾತ್ರದ ಮೇಲೆ ಪ್ರಯೋಗಿಸಿ ನೋಡೋಣ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ನಾಯಕಿ ಎಲಿಜಬೆತ್‌ಳ ಆಪ್ತ ಗೆಳತಿ ಷಾರ್ಲಟ್ ಲ್ಯೂಕಸ್. ವಯಸ್ಸು ಸುಮಾರು ಇಪ್ಪತ್ತೇಳು, ವಿವೇಕಿ, ರೂಪವಂತೆಯಲ್ಲ, ಕೈಯಲ್ಲಿ ಹಣವಿಲ್ಲ. ಎಲಿಜಬೆತ್ ನಿರಾಕರಿಸಿದ ಪಾದ್ರಿ ಕಾಲಿನ್ಸ್ ಮೂರೇ ದಿನಗಳೊಳಗೆ ಇವಳ ಕೈ ಕೇಳುತ್ತಾನೆ, ಇವಳು ಒಪ್ಪುತ್ತಾಳೆ. ಅವನು ಬಾಯಿಬಡುಕ, ತನ್ನ ಪೋಷಕಿ ಲೇಡಿ ಕ್ಯಾಥರೀನಳ ಮುಂದೆ ಸದಾ ಬಗ್ಗಿ ನಡೆಯುವವನು. ಈ ಮದುವೆಯೇ ನಮ್ಮ ವಾದದ ನಡುಗಂಬ.

ಮೊದಲ ಹೆಜ್ಜೆ: ಪಾತ್ರವನ್ನು ಒಂದೇ ವಾಕ್ಯದಲ್ಲಿ ಹಿಡಿದಿಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿ. ಈ ಪಾತ್ರವಿಭಾಗವನ್ನು 1927ರ 'ಆಸ್ಪೆಕ್ಟ್ಸ್ ಆಫ್ ದಿ ನಾವೆಲ್' ಪುಸ್ತಕದಲ್ಲಿ ಬಳಕೆಗೆ ತಂದ ಇ.ಎಂ. ಫಾರ್ಸ್ಟರ್ ಹೇಳುವಂತೆ, ಅಪ್ಪಟ ಚಪ್ಪಟೆ ಪಾತ್ರವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಷಾರ್ಲಟ್‌ಳಿಗೆ ಅಂಥ ವಾಕ್ಯ ಸುಲಭವಾಗಿ ಹೊಳೆಯುತ್ತದೆ: 'ಭದ್ರತೆಗಾಗಿ ಪ್ರೀತಿಯಿಲ್ಲದ ಮದುವೆಯಾದ ವ್ಯವಹಾರಸ್ಥ ಹೆಣ್ಣು.' ಈಗ ಅವಳು ಬರುವ ಪ್ರತಿ ಪುಟವನ್ನೂ ಓದುತ್ತಾ, ಈ ವಾಕ್ಯದೊಳಗೆ ಹಿಡಿಯದೆ ಹೊರಗೆ ಉಳಿದದ್ದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಏನೂ ಉಳಿಯದಿದ್ದರೆ ಪಾತ್ರ ಚಪ್ಪಟೆ, ಅಷ್ಟೇ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಕಾಲಿನ್ಸ್ ಬಹುಮಟ್ಟಿಗೆ ಚಪ್ಪಟೆಯಾಗಿರುವುದರಿಂದಲೇ ಅವನು ಬಾಯಿ ತೆರೆದಾಗಲೆಲ್ಲ ನಗು ಬರುತ್ತದೆ.

ಷಾರ್ಲಟ್‌ಳ ವಿಷಯದಲ್ಲಿ ಉಳಿಯುತ್ತದೆ. 22ನೆಯ ಅಧ್ಯಾಯದಲ್ಲಿ, ಮದುವೆಗೆ ಒಪ್ಪಿದ ಮೇಲೆ ಒಬ್ಬಳೇ ಕುಳಿತು ಯೋಚಿಸುವಾಗ, ಇಡೀ ವಿಷಯದಲ್ಲಿ ಅವಳಿಗೆ ಹೆಚ್ಚು ಅಹಿತವೆನಿಸುವುದು ಎಲಿಜಬೆತ್‌ಳಿಗೆ ಆಗಲಿರುವ ಆಶ್ಚರ್ಯ. ಬೇರೆ ಯಾರ ಸ್ನೇಹಕ್ಕಿಂತಲೂ ಅವಳ ಸ್ನೇಹ ತನಗೆ ದೊಡ್ಡದು ಎಂದು ಅವಳಿಗೆ ಗೊತ್ತು. ಬರಿಯ ಲೆಕ್ಕಾಚಾರದ ಹೆಣ್ಣಿಗೆ ಈ ಅಳುಕು ಬರಬೇಕಿರಲಿಲ್ಲ. ಇನ್ನೊಂದು ವಿವರ ನನಗೆ ಇದಕ್ಕಿಂತ ಪ್ರಿಯವಾದದ್ದು. 30ನೆಯ ಅಧ್ಯಾಯದಲ್ಲಿ, ಗೆಳತಿಯ ಮನೆಗೆ ಬಂದ ಎಲಿಜಬೆತ್‌ಳಿಗೆ ಒಂದು ವಿಷಯ ಅರ್ಥವಾಗುವುದಿಲ್ಲ: ಊಟದ ಕೋಣೆ ವಿಶಾಲವಾಗಿದೆ, ಹೊರನೋಟವೂ ಚೆನ್ನಾಗಿದೆ, ಆದರೂ ಷಾರ್ಲಟ್ ಹಿಂಬದಿಯ ಕೋಣೆಯಲ್ಲಿ ಕೂರುತ್ತಾಳೆ. ಏಕೆ? ಗಂಡನ ಓದುವ ಕೋಣೆ ರಸ್ತೆಗೆ ಮುಖಮಾಡಿದೆ. ಹೆಂಡತಿಯ ಕೋಣೆಯೂ ಅಷ್ಟೇ ಲವಲವಿಕೆಯದಾಗಿದ್ದರೆ ಅವನು ತನ್ನ ಕೋಣೆಯಲ್ಲಿ ಅಷ್ಟು ಹೊತ್ತು ಇರುತ್ತಿರಲಿಲ್ಲ. ಎಲಿಜಬೆತ್ ಬೇಗನೆ ಇದನ್ನು ಗ್ರಹಿಸಿ ಮೆಚ್ಚುತ್ತಾಳೆ. ಗಂಡನನ್ನು ಒಂದು ಮಾತಿನಲ್ಲೂ ನೋಯಿಸದೆ ದಿನದ ಬಹುಪಾಲು ಅವನಿಂದ ದೂರವಿರುವ ಈ ಜಾಣ್ಮೆ, 'ಭದ್ರತೆಗಾಗಿ ಮದುವೆಯಾದಳು' ಎಂಬ ವಾಕ್ಯದೊಳಗೆ ಕೂರುವುದಿಲ್ಲ.

ಎರಡನೆಯ ಹೆಜ್ಜೆ ಆಶ್ಚರ್ಯದ ಪರೀಕ್ಷೆ. ದುಂಡು ಪಾತ್ರ ನಂಬುವಂತೆ ಬೆರಗುಗೊಳಿಸಬಲ್ಲದು ಎಂಬುದು ಫಾರ್ಸ್ಟರ್‌ನ ಅಳತೆಗೋಲು. ಅದರಲ್ಲಿ ಎರಡು ಭಾಗಗಳಿವೆ, ಎರಡಕ್ಕೂ ಪುರಾವೆ ತೋರಿಸಬೇಕು. ಬೆರಗಿಗೆ ಪುರಾವೆ ಎಲಿಜಬೆತ್‌ಳ ಉದ್ಗಾರ: ಕಾಲಿನ್ಸ್ ಜೊತೆಗೆ ನಿಶ್ಚಯವೇ, ಸಾಧ್ಯವೇ ಇಲ್ಲ ಎಂದು ಅವಳು ಕೂಗುತ್ತಾಳೆ. ನಂಬಿಕೆಗೆ ಪುರಾವೆ ಬೇಕಾದರೆ ಹಿಂದಕ್ಕೆ, 6ನೆಯ ಅಧ್ಯಾಯಕ್ಕೆ ಹೋಗಬೇಕು. ಕಾಲಿನ್ಸ್ ಕಥೆಯೊಳಗೆ ಕಾಲಿಡುವ ಮೊದಲೇ ಷಾರ್ಲಟ್ ಅಲ್ಲಿ ಹೇಳಿಬಿಟ್ಟಿದ್ದಾಳೆ: ದಾಂಪತ್ಯದ ಸುಖ ಪೂರ್ತಿ ಅದೃಷ್ಟದ ಮಾತು, ಬಾಳು ಹಂಚಿಕೊಳ್ಳುವವನ ಕುಂದುಗಳ ಬಗ್ಗೆ ಎಷ್ಟು ಕಡಿಮೆ ತಿಳಿದರೆ ಅಷ್ಟು ಒಳ್ಳೆಯದು. ಎಲಿಜಬೆತ್ ನಕ್ಕುಬಿಡುತ್ತಾಳೆ. ಈ ಮಾತು ಸರಿಯಲ್ಲವೆಂದು ನಿನಗೂ ಗೊತ್ತು, ನೀನಂತೂ ಎಂದೂ ಹೀಗೆ ನಡೆದುಕೊಳ್ಳುವವಳಲ್ಲ ಎನ್ನುತ್ತಾಳೆ. ಷಾರ್ಲಟ್ ಹಾಗೆಯೇ ನಡೆದುಕೊಳ್ಳುತ್ತಾಳೆ. ಹಾಗಾಗಿ ಮದುವೆಯ ಸುದ್ದಿ ಎಲಿಜಬೆತ್‌ಳಿಗೆ ಸಿಡಿಲಿನಂತೆ ಎರಗಿದರೂ, 6ನೆಯ ಅಧ್ಯಾಯವನ್ನು ಗಮನವಿಟ್ಟು ಓದಿದವರಿಗೆ ಅದರ ಬೇರು ಕಾಣುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ರತಿ ಪುರಾವೆಯ ಪಕ್ಕದಲ್ಲೂ ಅದು ಯಾರ ಬಾಯಿಂದ ಅಥವಾ ಯಾರ ಕಣ್ಣಿಂದ ಬಂದದ್ದು ಎಂದು ಬರೆದುಕೊಳ್ಳಿ. ನಿರೂಪಕಿ ನೇರವಾಗಿ ಹೇಳಿದ್ದೇ, ಪಾತ್ರ ತಾನೇ ಆಡಿದ್ದೇ, ಪಾತ್ರ ಮಾಡಿದ ಕೆಲಸವೇ, ಇಲ್ಲವೇ ಇನ್ನೊಬ್ಬರು ಅವಳ ಬಗ್ಗೆ ತಿಳಿದುಕೊಂಡದ್ದೇ? ಪೋಷಕ ಪಾತ್ರಗಳನ್ನು ನಾವು ಹೆಚ್ಚಾಗಿ ನಾಯಕಿಯ ಕಣ್ಣಿನಿಂದಲೇ ನೋಡುತ್ತೇವೆ, ಆದ್ದರಿಂದ ಈ ಗುರುತು ಬಹಳ ಮುಖ್ಯ. 24ನೆಯ ಅಧ್ಯಾಯದಲ್ಲಿ ಎಲಿಜಬೆತ್ ಈ ಮದುವೆ ಯಾವ ದೃಷ್ಟಿಯಿಂದ ನೋಡಿದರೂ ಅರ್ಥವಾಗದ್ದು ಎನ್ನುತ್ತಾಳೆ. ಇದನ್ನು 'ಷಾರ್ಲಟ್ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದಳು' ಎಂಬುದಕ್ಕೆ ಪುರಾವೆಯಾಗಿ ಉಲ್ಲೇಖಿಸಿದ ಬರಹಗಳನ್ನು ನೋಡಿದ್ದೇನೆ. ಅದು ಷಾರ್ಲಟ್‌ಳ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಎಲಿಜಬೆತ್ ಅವಳನ್ನು ಎಷ್ಟು ತಪ್ಪಾಗಿ ಅರಿತಿದ್ದಳು ಎಂಬುದನ್ನು ಹೇಳುತ್ತದೆ. ಅದಕ್ಕೆ ಎದುರಾಗಿ 22ನೆಯ ಅಧ್ಯಾಯದಲ್ಲಿ ನಿರೂಪಕಿಯೇ ಷಾರ್ಲಟ್‌ಳ ಮನಸ್ಸಿನೊಳಗೆ ಹೋಗಿ ತಿಳಿಸುತ್ತಾಳೆ: ಗಂಡಸರ ಬಗ್ಗೆಯಾಗಲಿ ದಾಂಪತ್ಯದ ಬಗ್ಗೆಯಾಗಲಿ ದೊಡ್ಡ ಅಭಿಪ್ರಾಯವಿಲ್ಲದಿದ್ದರೂ ಮದುವೆ ಮೊದಲಿಂದಲೂ ಅವಳ ಗುರಿಯಾಗಿತ್ತು. 'ಮೊದಲಿಂದಲೂ' ಎಂದು ನಿರೂಪಕಿ ಹೇಳಿದ ಮೇಲೆ, ಅವಳು ಆಗಷ್ಟೇ ಬದಲಾದಳು ಎಂದು ವಾದಿಸುವವರು ಇನ್ನೂ ಬಲವಾದ ಪುರಾವೆ ತರಬೇಕಾಗುತ್ತದೆ.

ಈಗ ಎರಡನೆಯ ಪ್ರಶ್ನೆ: ಅವಳು ಬದಲಾಗುತ್ತಾಳೆಯೇ? ಇದಕ್ಕೆ ಜೋಡಿ ಪುರಾವೆ ಬೇಕು. ಒಂದೇ ಬಗೆಯ ಸನ್ನಿವೇಶದಲ್ಲಿ ಮೊದಲು ಹೇಗೆ ಯೋಚಿಸಿದಳು, ನಂತರ ಹೇಗೆ ಯೋಚಿಸಿದಳು ಎಂದು ಅಕ್ಕಪಕ್ಕ ಇಡಬೇಕು. ಮದುವೆಯಾದಳು, ಊರು ಬಿಟ್ಟಳು, ಮನೆಯೊಡತಿಯಾದಳು ಎಂಬ ಪಟ್ಟಿ ಇಲ್ಲಿ ನಡೆಯದು, ಏಕೆಂದರೆ ಬದಲಾದದ್ದು ಅವಳ ಪರಿಸ್ಥಿತಿ. ಅವಳು ಇನ್ನೊಬ್ಬರ ಮದುವೆಯ ಬಗ್ಗೆ ಲೆಕ್ಕ ಹಾಕುವ ಸನ್ನಿವೇಶ ಎರಡು ಸಲ ಬರುತ್ತದೆ. 6ನೆಯ ಅಧ್ಯಾಯದಲ್ಲಿ ಎಲಿಜಬೆತ್‌ಳ ಅಕ್ಕ ಜೇನ್, ತನ್ನನ್ನು ಮೆಚ್ಚಿದವನಿಗೆ ಒಲವನ್ನು ಇನ್ನಷ್ಟು ಬಿಚ್ಚಿ ತೋರಿಸಿ ಅವನನ್ನು ಭದ್ರ ಮಾಡಿಕೊಳ್ಳಬೇಕು, ಪ್ರೀತಿಸಲು ಆಮೇಲೆ ಸಮಯವಿರುತ್ತದೆ ಎನ್ನುವುದು ಷಾರ್ಲಟ್‌ಳ ಸಲಹೆ. ಮದುವೆಯಾದ ಬಳಿಕ, 32ನೆಯ ಅಧ್ಯಾಯದಲ್ಲಿ, ಎಲಿಜಬೆತ್‌ಳಿಗೆ ವರನಾಗಬಹುದಾದ ಇಬ್ಬರನ್ನು ಅವಳು ತೂಗುತ್ತಾಳೆ. ಕರ್ನಲ್ ಫಿಟ್ಸ್‌ವಿಲಿಯಂ ಹೆಚ್ಚು ಹಿತವಾದ ಮನುಷ್ಯ, ಆದರೆ ಚರ್ಚಿನ ಹುದ್ದೆಗಳನ್ನು ಕೊಡಿಸುವ ಅಧಿಕಾರ ಇರುವುದು ಡಾರ್ಸಿಗೆ. ಗೆಳತಿಯ ಮೇಲಿನ ಪ್ರೀತಿಯಿಂದ ಶುರುವಾದ ಯೋಚನೆಯೊಳಗೆ ತನ್ನ ಗಂಡನಿಗಾಗಬಹುದಾದ ಲಾಭವೂ ಸದ್ದಿಲ್ಲದೆ ಬಂದು ಕೂತಿದೆ. ಎರಡು ಸಲವೂ ಅವಳು ತೂಗುವ ತಕ್ಕಡಿ ಒಂದೇ.

ಎದುರು ಪಕ್ಷದ ಪುರಾವೆಯನ್ನು ಮುಚ್ಚಿಡಬೇಡಿ. ಅದರಲ್ಲಿ ಬಲವಾದದ್ದನ್ನು ಆರಿಸಿ ನೀವೇ ಮುಂದಿಡಿ. ನಿಶ್ಚಯದ ಸುದ್ದಿ ಹೇಳುವಾಗ ಎಲಿಜಬೆತ್‌ಳ ನೇರ ಆಕ್ಷೇಪಕ್ಕೆ ಷಾರ್ಲಟ್ ಒಂದು ಕ್ಷಣ ತಬ್ಬಿಬ್ಬಾಗುತ್ತಾಳೆ. 28ನೆಯ ಅಧ್ಯಾಯದಲ್ಲಿ ಗಂಡ ನಾಚಿಕೆಗೇಡಿನ ಮಾತಾಡಿದಾಗ ಒಂದೆರಡು ಸಲ ಅವಳ ಮುಖ ತುಸು ಕೆಂಪಾಗುತ್ತದೆ, ಉಳಿದಂತೆ ಅವಳು ಜಾಣತನದಿಂದ ಕೇಳಿಸಿಕೊಳ್ಳುವುದೇ ಇಲ್ಲ. ಇವು ಪಶ್ಚಾತ್ತಾಪದ ಗುರುತುಗಳೇ? ತಬ್ಬಿಬ್ಬು ಕ್ಷಣದ್ದು, ಮರುಗಳಿಗೆಯಲ್ಲೇ ಅವಳು ಸಾವರಿಸಿಕೊಂಡು, ತಾನೆಂದೂ ಭಾವುಕಳಾಗಿರಲಿಲ್ಲ, ನೆಮ್ಮದಿಯ ಮನೆಯೊಂದಿದ್ದರೆ ಸಾಕು ಎನ್ನುತ್ತಾಳೆ. ಮುಖ ಕೆಂಪಾಗುವುದು ಈ ಆಯ್ಕೆಗೆ ಅವಳು ತೆರುತ್ತಿರುವ ಬೆಲೆಯನ್ನು ತೋರಿಸುತ್ತದೆ, ಆಯ್ಕೆಯಿಂದ ಹಿಂದೆ ಸರಿದದ್ದನ್ನು ತೋರಿಸುವುದಿಲ್ಲ. ಅಂದರೆ ಈ ವಿವರ ನಮ್ಮ ಮೊದಲ ವಾದಕ್ಕೆ, ಅವಳು ದುಂಡು ಪಾತ್ರವೆಂಬುದಕ್ಕೆ, ಬಲ ಕೊಡುತ್ತದೆ.

ಇನ್ನು ಬರೆಯುವುದು. ಹೇಳಿಕೆ, ಪುರಾವೆ, ಪುರಾವೆಯಿಂದ ಹೇಳಿಕೆಗೆ ತಲುಪಿಸುವ ವಿವರಣೆ, ಮೂರೂ ಒಂದೇ ಪ್ಯಾರಾದಲ್ಲಿರಲಿ. ಕಥಾಸಾರಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಬೇಡ. ಉದಾಹರಣೆಗೆ ಹೀಗೆ:

'ಷಾರ್ಲಟ್ ಬದಲಾಗದ, ಆದರೂ ದುಂಡಾದ ಪಾತ್ರ. ಗಂಡನಿಂದ ದೂರವಿರಲೆಂದು ಅವಳು ಮನೆಯ ಹಿಂಬದಿಯ ಕೋಣೆಯನ್ನು ಆರಿಸಿಕೊಂಡಿದ್ದಾಳೆಂದು 30ನೆಯ ಅಧ್ಯಾಯದಲ್ಲಿ ಎಲಿಜಬೆತ್ ಕಂಡುಕೊಳ್ಳುತ್ತಾಳೆ. ಒಬ್ಬ ಮನುಷ್ಯನನ್ನು ಸಹಿಸುವುದು ಕಷ್ಟವೆಂಬ ಅರಿವು, ಆ ಕಷ್ಟವನ್ನು ದೂರದೆ ನಿಭಾಯಿಸುವ ಸಂಕಲ್ಪ, ಎರಡೂ ಈ ಒಂದು ಏರ್ಪಾಡಿನಲ್ಲಿವೆ. ಆದರೆ ಕುಂದುಗಳನ್ನು ಕಾಣದಂತಿರುವುದೇ ಮೇಲು ಎಂದು 6ನೆಯ ಅಧ್ಯಾಯದಲ್ಲಿ ಅವಳು ಆಡಿದ ಮಾತು ಇಲ್ಲಿ ಕೃತಿಗಿಳಿದಿದೆ. ಮೊದಲು ಮಾತಿನಲ್ಲಿದ್ದ ನಂಬಿಕೆಯೇ ಈಗ ಮನೆಯ ವ್ಯವಸ್ಥೆಯಲ್ಲಿದೆ. ಬದಲಾದದ್ದು ಅವಳನ್ನು ನೋಡುತ್ತಿರುವ ಎಲಿಜಬೆತ್‌ಳ ದೃಷ್ಟಿ.'

ಕೊನೆಯ ವಾಕ್ಯವನ್ನು ಗಮನಿಸಿ. ಬದಲಾಗದ ಪೋಷಕ ಪಾತ್ರದ ಬಗ್ಗೆ ಬರೆಯುವಾಗ ಈ ಪ್ರಶ್ನೆಯನ್ನೂ ಕೇಳಬೇಕು: ಅವಳು ನಿಂತಲ್ಲೇ ನಿಂತಿರುವುದರಿಂದ ಬೇರೆ ಯಾರು ಚಲಿಸಿದ್ದು ನಮಗೆ ಕಾಣುತ್ತದೆ?

ಹೇಳಿಕೆಯ ಬಲವನ್ನು ಪುರಾವೆಯ ಬಲಕ್ಕೆ ಸರಿಹೊಂದಿಸುವ ಕೆಲಸ ಇನ್ನೊಂದು ಉಳಿದಿದೆ. 38ನೆಯ ಅಧ್ಯಾಯದಲ್ಲಿ ಎಲಿಜಬೆತ್ ಗೆಳತಿಯ ಮನೆಯಿಂದ ಹೊರಡುವಾಗ, ಷಾರ್ಲಟ್ ಕಣ್ಣು ತೆರೆದೇ ಇದನ್ನು ಆರಿಸಿಕೊಂಡಳು, ಮನೆ, ಮನೆಗೆಲಸ, ಚರ್ಚಿನ ವಠಾರ, ಕೋಳಿಗಳು ಇವೆಲ್ಲ ಅವಳ ಪಾಲಿಗೆ ಇನ್ನೂ ಸೊಗಸು ಕಳೆದುಕೊಂಡಿಲ್ಲ ಎಂಬ ಮಾತು ಬರುತ್ತದೆ. ಆ 'ಇನ್ನೂ' ಮುಂದೊಂದು ದಿನಕ್ಕೆ ಬಾಗಿಲು ತೆರೆದಿಡುತ್ತದೆ. ಅದೂ ಎಲಿಜಬೆತ್‌ಳ ಮನಸ್ಸಿನ ಮೂಲಕ ಬಂದ ಮಾತು. ಮದುವೆಯ ನಂತರ ಷಾರ್ಲಟ್‌ಳ ಒಳಗೆ ನಮಗೆ 22ನೆಯ ಅಧ್ಯಾಯದಲ್ಲಿ ಸಿಕ್ಕಷ್ಟು ಪ್ರವೇಶ ಸಿಗುವುದೇ ಇಲ್ಲ. ಆದ್ದರಿಂದ 'ಅವಳು ಎಂದಿಗೂ ಪಶ್ಚಾತ್ತಾಪ ಪಡಲಿಲ್ಲ' ಎಂದು ಬರೆದರೆ ಪಠ್ಯ ನಿಮ್ಮ ಬೆಂಬಲಕ್ಕೆ ಬರುವುದಿಲ್ಲ. 'ಕಾದಂಬರಿ ತೋರಿಸುವಷ್ಟರ ಮಟ್ಟಿಗೆ ಅವಳ ನಿಲುವು ಬದಲಾಗುವುದಿಲ್ಲ' ಎಂದು ಬರೆದರೆ ಬರುತ್ತದೆ.