ಫಿಲ್ಟರ್ ನೀರು ಕುಡಿಯುವ ಮಗುವಿಗೆ ಫ್ಲೋರೈಡ್ ಹನಿ: ಲೆಕ್ಕ ಹಾಕುವುದು ಹೇಗೆ?

ಚಿಂತಾಮಣಿ ಕಡೆಯ ಅಜ್ಜಿಯೊಬ್ಬರು ನಾಲ್ಕು ವರ್ಷದ ಮೊಮ್ಮಗನನ್ನು ಕ್ಲಿನಿಕ್ಕಿಗೆ ಕರೆತಂದಿದ್ದರು. ದವಡೆ ಹಲ್ಲು ಎರಡು ಹುಳುಕು. ಅಜ್ಜಿಯ ಕೈಚೀಲದಲ್ಲಿ ಅಮೆರಿಕದಲ್ಲಿರುವ ಮಗಳು ಕಳಿಸಿದ ಫ್ಲೋರೈಡ್ ಹನಿಯ ಬಾಟಲಿ. “ನಾವು ಫಿಲ್ಟರ್ ನೀರೇ ಕುಡಿಯೋದು ಡಾಕ್ಟ್ರೇ, ಹಾಕಬೋದಲ್ವಾ?” ಎಂದರು. ನಮ್ಮ ಕಡೆ ಹೆಚ್ಚಿನವರು ಎಡವುವುದು ಇಲ್ಲೇ.

1. ಪಟ್ಟಿ ನೋಡಿ. ಅಮೆರಿಕದ ದಂತವೈದ್ಯ ಸಂಘದ ಪಟ್ಟಿಯಲ್ಲಿ ಡೋಸ್ ನಿಲ್ಲುವುದು ವಯಸ್ಸು ಮತ್ತು ಕುಡಿಯುವ ನೀರಿನ ಫ್ಲೋರೈಡ್, ಈ ಎರಡರ ಮೇಲೆ. ಲೀಟರಿಗೆ 0.3 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಆರು ತಿಂಗಳಿಂದ 3 ವರ್ಷದವರೆಗೆ ದಿನಕ್ಕೆ 0.25 ಮಿ.ಗ್ರಾಂ, 3ರಿಂದ 6 ವರ್ಷಕ್ಕೆ 0.5, ಆಮೇಲೆ 16ರವರೆಗೆ 1. ನೀರಿನಲ್ಲಿ 0.3ರಿಂದ 0.6 ಇದ್ದರೆ 3 ವರ್ಷದೊಳಗೆ ಏನೂ ಬೇಡ, 3ರಿಂದ 6ಕ್ಕೆ 0.25, ಮುಂದೆ 0.5. ನೀರು 0.6 ದಾಟಿದರೆ ಯಾವ ವಯಸ್ಸಿಗೂ ಹನಿ ಇಲ್ಲ. ಆರು ತಿಂಗಳೊಳಗಿನ ಕೂಸಿಗೂ ಇಲ್ಲ. ಅದೂ ಹುಳುಕಿನ ಅಪಾಯ ಹೆಚ್ಚಿರುವ ಮಕ್ಕಳಿಗೆ, ದಂತವೈದ್ಯರು ಬರೆದುಕೊಟ್ಟರೆ ಮಾತ್ರ.

2. ನೀರು ಪರೀಕ್ಷೆ ಮಾಡಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಊರಿನ ಎರಡು ಬೋರ್‌ಗಳ ನೀರು ಒಂದೇ ಥರ ಇರುವುದಿಲ್ಲ, ಹಾಗಾಗಿ ಪಕ್ಕದ ಮನೆಯವರ ರಿಪೋರ್ಟ್ ನಿಮಗೆ ಉಪಯೋಗಕ್ಕೆ ಬಾರದು.

ಮಾದರಿಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ, ಯಾವ ನೀರು, ಯಾವ ದಿನ ಎಂದು ಬರೆದು ಪ್ರಯೋಗಾಲಯಕ್ಕೆ ಕೊಡಿ. ಮಗುವಿನ ಹೊಟ್ಟೆಗೆ ಹೋಗುವ ಪ್ರತಿ ನೀರಿಗೂ ಒಂದೊಂದು ಬಾಟಲಿ ಬೇಕು: ಶುದ್ಧ ನೀರಿನ ಘಟಕದ ಕ್ಯಾನ್, ಅಡುಗೆಗೆ ಬಳಸುವ ನಲ್ಲಿ, ಅಂಗನವಾಡಿಯ ಡ್ರಮ್ಮು.

ಪೆನ್ನಿನಂಥ ಟಿಡಿಎಸ್ ಮೀಟರ್ ತೋರಿಸಿ “ನಲವತ್ತು ಬಂತು ನೋಡಿ” ಎನ್ನುವವರನ್ನು ನಂಬಬೇಡಿ. ಅದು ಕರಗಿದ ಎಲ್ಲ ಲವಣಗಳ ಅಂದಾಜು ಹೇಳುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಫ್ಲೋರೈಡ್ ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಆರ್‌ಒ ತೆಗೆಯುತ್ತದೆ, ಆದರೆ ಪೊರೆ ಹಳೆಯದಾದ ಹಾಗೆ ಕಡಿಮೆ ತೆಗೆಯುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡಿಸುವುದು ನನ್ನ ಕಟ್ಟುನಿಟ್ಟಿನ ನಿಯಮ.

3. ಎಲ್ಲ ನೀರನ್ನೂ ಕೂಡಿಸಿ. ಅಜ್ಜಿಯ ಮನೆಯ ರಿಪೋರ್ಟ್ ಬಂತು. ಕ್ಯಾನ್ ನೀರಿನಲ್ಲಿ 0.2, ಬೋರ್ ನೀರಿನಲ್ಲಿ 2.1. ಕ್ಯಾನ್ ಒಂದನ್ನೇ ನೋಡಿದರೆ ಹುಡುಗನಿಗೆ ದಿನಕ್ಕೆ 0.5 ಮಿ.ಗ್ರಾಂ ಹನಿ ಬರೆಯಬೇಕಾಗುತ್ತದೆ. ಆದರೆ ಮನೆಯಲ್ಲಿ ಅನ್ನ, ಸಾರು, ಮುದ್ದೆ ಎಲ್ಲವೂ ಬೋರ್ ನೀರಿನಲ್ಲೇ. ಮುದ್ದೆ ತಿಂದರೆ ಅದು ಹೀರಿಕೊಂಡ ನೀರನ್ನೂ ಕುಡಿದ ಹಾಗೆ.

ಅಜ್ಜಿಯನ್ನು ಕೇಳಿ ಲೋಟದ ಲೆಕ್ಕ ಹಾಕಿದೆವು. ಕ್ಯಾನ್ ನೀರು 600 ಮಿ.ಲೀ., ಅದರಲ್ಲಿ 0.12 ಮಿ.ಗ್ರಾಂ ಫ್ಲೋರೈಡ್. ಅಂಗನವಾಡಿಯಲ್ಲಿ ಅದೇ ಬೋರ್ ನೀರು 300 ಮಿ.ಲೀ., 0.63. ಅಡುಗೆಯಲ್ಲಿ ಸುಮಾರು 400 ಮಿ.ಲೀ., 0.84. ಒಟ್ಟು 1.3 ಲೀಟರಿನಲ್ಲಿ 1.59 ಮಿ.ಗ್ರಾಂ, ಅಂದರೆ ಲೀಟರಿಗೆ 1.2. ಹುಡುಗನ ತೂಕ 15 ಕೆ.ಜಿ. ಕೆ.ಜಿ.ಗೆ 0.05 ಮಿ.ಗ್ರಾಂನಂತೆ ಅವನಿಗೆ ಸಾಕಾಗುವುದು 0.75, ಕೆ.ಜಿ.ಗೆ 0.1ರಂತೆ ಮೇಲ್ಮಿತಿ 1.5. ಹನಿ ಹಾಕುವ ಮೊದಲೇ ಮಿತಿ ದಾಟಿದ್ದಾನೆ! ಈ ವಯಸ್ಸಿನಲ್ಲಿ ಶಾಶ್ವತ ಹಲ್ಲುಗಳ ಎನಾಮಲ್ ವಸಡಿನೊಳಗೆ ತಯಾರಾಗುತ್ತಿರುತ್ತದೆ. ಹೆಚ್ಚಾದ ಫ್ಲೋರೈಡ್ ಅಲ್ಲಿ ಬಿಟ್ಟ ಗುರುತು, ಆರೇಳು ವರ್ಷಕ್ಕೆ ಹಲ್ಲು ಹುಟ್ಟಿದಾಗ, ಎಡಬಲ ಎರಡೂ ಕಡೆ ಒಂದೇ ಥರ ಸುಣ್ಣ ಬಳಿದಂಥ ಬಿಳಿ ಗೆರೆಗಳಾಗಿ ಕಾಣುತ್ತದೆ. ಹುಳುಕಿನ ಬಿಳಿ ಮಚ್ಚೆ ಹಾಗಲ್ಲ, ಸಾಮಾನ್ಯವಾಗಿ ವಸಡಿನ ಅಂಚಿನಲ್ಲಿ, ಒಂದೋ ಎರಡೋ ಹಲ್ಲಿಗೆ ಇರುತ್ತದೆ.

4. ಲೇಬಲ್ ಓದಿ. 2.2 ಮಿ.ಗ್ರಾಂ ಸೋಡಿಯಂ ಫ್ಲೋರೈಡಿನಲ್ಲಿರುವ ಫ್ಲೋರೈಡ್ ಬರೀ 1 ಮಿ.ಗ್ರಾಂ. ಬಾಟಲಿಯ ಮೇಲಿರುವುದು ಯಾವ ಅಂಕಿ ಎಂದು ನೋಡದೆ ಹನಿ ಎಣಿಸಬೇಡಿ. ಹಾಲಿನ ಜೊತೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಅಜ್ಜಿಗೆ ಬಾಟಲಿ ಮುಚ್ಚಿಡಿ ಎಂದೆ. ಮೊದಲು ಅಡುಗೆಗೂ ಕ್ಯಾನ್ ನೀರು. ಅಷ್ಟಾದರೂ ಅಂಗನವಾಡಿ ನೀರಿನಿಂದಾಗಿ ಲೀಟರಿಗೆ 0.64 ಬರುತ್ತದೆ, ಹನಿ ಆಗಲೂ ಇಲ್ಲ. ಮನೆಯಿಂದಲೇ ನೀರಿನ ಬಾಟಲಿ ಕಳಿಸತೊಡಗಿದರೆ ಮಾತ್ರ ಒಟ್ಟು 0.26 ಮಿ.ಗ್ರಾಂಗೆ, ಅಂದರೆ ಲೀಟರಿಗೆ 0.2ಕ್ಕೆ ಇಳಿಯುತ್ತದೆ. ಆಗ 0.5ರ ಹನಿಯ ಮಾತು ಎತ್ತಬಹುದು. ಅಲ್ಲಿಯವರೆಗೆ ಬಟಾಣಿ ಗಾತ್ರದ ಪೇಸ್ಟ್, ದಿನಕ್ಕೆರಡು ಸಲ, ಅಜ್ಜಿಯ ಕಣ್ಣೆದುರು, ಉಗಿಯುವುದನ್ನು ನೋಡಿಕೊಂಡು.