ನನ್ನ ವಾಟ್ಸಾಪ್‌ನಿಂದ ದುಡ್ಡು ಕೇಳಿದ್ದರೆ ಕಳಿಸಬೇಡಿ

"ಅರ್ಜೆಂಟ್ ಇದೆ, ಈ ನಂಬರಿಗೆ ಹದಿನೈದು ಸಾವಿರ ಹಾಕು, ಬೆಳಿಗ್ಗೆ ಕೊಡ್ತೀನಿ" ಅಂತ ನನ್ನ ಹೆಸರಲ್ಲಿ ಬಂದ ಮೆಸೇಜ್ ನನ್ನದಲ್ಲ, ಖಾತೆ ಹ್ಯಾಕ್ ಆಗಿತ್ತು. ದಯವಿಟ್ಟು ದುಡ್ಡು ಹಾಕಬೇಡಿ. ನಿಮಗೆ ಬಂದ ಆರು ಅಂಕಿಯ ಕೋಡ್ ಕೇಳಿದರೂ ಹೇಳಬೇಡಿ, ನಿಮ್ಮ ಖಾತೆಯೂ ಹೋಗುತ್ತದೆ.

ನನ್ನ ಕರೆಗಳೆಲ್ಲ ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿದ್ದವು. ವಾಟ್ಸಾಪ್‌ನವರು ಕರೆ ಮಾಡಿ ಹೇಳುವ ಕೋಡ್ ಹ್ಯಾಕ್ ಮಾಡಿದವರಿಗೆ ಸಿಕ್ಕಿದ್ದು ಹಾಗೆ. ಮೊದಲು `##002#` ಡಯಲ್ ಮಾಡಿ ಅದನ್ನು ರದ್ದು ಮಾಡಿದೆ. ಆಮೇಲೆ ನನ್ನ ನಂಬರನ್ನು ಮತ್ತೆ ನೋಂದಾಯಿಸಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಕೋಡ್ ಹಾಕಿದ ಕೂಡಲೇ ಅವರು ಹೊರಬಿದ್ದರು. ಆದರೆ ಎರಡನೇ ಹಂತದ ಪಿನ್ ಇಟ್ಟು ಹೋಗಿದ್ದಾರೆ. ಅದಿಲ್ಲದೆ ಒಳಹೋಗಲು 7 ದಿನ ಕಾಯಬೇಕು. ಅಲ್ಲಿಯವರೆಗೆ ಫೋನ್ ಮಾಡಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ. ಯಾರಾದರೂ ಆಗಲೇ ದುಡ್ಡು ಹಾಕಿದ್ದರೆ ಈಗಲೇ ನೀವೂ ಅಲ್ಲಿಗೆ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.